ಸಿಂಪ್ಸನ್ ವಿರೋಧಾಭಾಸ

ಸಿಂಪ್ಸನ್ ವಿರೋಧಾಭಾಸ: ಸಂಖ್ಯಾಶಾಸ್ತ್ರದ ಒಂದು ಪರಿಕಲ್ಪನೆ. ಎರಡು ಅಳತೆಗಳ ನಡುವಿನ ಸಂಬಂಧವು ಪ್ರತಿಯೊಂದು ಗುಂಪಿನೊಳಗೆ ಒಂದು ದಿಕ್ಕಿನಲ್ಲಿದ್ದು, ಗುಂಪುಗಳನ್ನೆಲ್ಲ ಕೂಡಿಸಿದಾಗ ವಿರುದ್ಧ ದಿಕ್ಕಿಗೆ ತಿರುಗುವುದಕ್ಕೆ ಈ ಹೆಸರಿದೆ. ಬ್ರಿಟನ್ನಿನ ಎಡ್ವರ್ಡ್ ಸಿಂಪ್ಸನ್ ಇದನ್ನು 1951ರಲ್ಲಿ ವಿವರಿಸಿದರು. ಇದಕ್ಕೆ ಬಹಳ ಮೊದಲೇ, 1903ರಲ್ಲಿ, ಉಡ್ನಿ ಯೂಲ್ ಇದನ್ನು ಗುರುತಿಸಿದ್ದರು. ಸಿಂಪ್ಸನ್ನರ ಹೆಸರನ್ನು ಇದಕ್ಕೆ 1972ರಲ್ಲಿ ಕೊಟ್ಟವರು ಕಾಲಿನ್ ಬ್ಲೈತ್.

ಉದಾಹರಣೆ: ಅಂಟಾರ್ಕ್ಟಿಕದ ಪಾಮರ್ ಕೇಂದ್ರದ ಸುತ್ತಲಿನ ದ್ವೀಪಗಳಲ್ಲಿ 2007ರಿಂದ 2009ರವರೆಗೆ ಅಡೇಲಿ, ಚಿನ್‌ಸ್ಟ್ರಾಪ್ ಮತ್ತು ಜೆಂಟೂ ಎಂಬ ಮೂರು ಪ್ರಭೇದಗಳ ಪೆಂಗ್ವಿನ್‌ಗಳನ್ನು ಅಳೆಯಲಾಯಿತು. ಇವುಗಳಲ್ಲಿ 342 ಹಕ್ಕಿಗಳ ಕೊಕ್ಕಿನ ಉದ್ದ ಮತ್ತು ದಪ್ಪ ದಾಖಲಾಗಿವೆ. ಎಲ್ಲ ಹಕ್ಕಿಗಳನ್ನೂ ಒಟ್ಟಿಗಿಟ್ಟು ರೇಖೆ ಎಳೆದರೆ ಅದು ಕೆಳಕ್ಕೆ ಇಳಿಯುತ್ತದೆ: ಕೊಕ್ಕು 10 ಮಿ.ಮೀ. ಉದ್ದವಾದಂತೆ ದಪ್ಪ ಸುಮಾರು 0.85 ಮಿ.ಮೀ. ಕಡಿಮೆಯಾಗುತ್ತದೆ. ಪ್ರಭೇದಗಳನ್ನು ಬೇರೆಬೇರೆಯಾಗಿ ನೋಡಿದರೆ ಮೂರು ರೇಖೆಗಳೂ ಮೇಲಕ್ಕೇರುತ್ತವೆ: ಅದೇ 10 ಮಿ.ಮೀ. ಉದ್ದಕ್ಕೆ ದಪ್ಪ ಸುಮಾರು 2 ಮಿ.ಮೀ. ಹೆಚ್ಚುತ್ತದೆ.

ಕಾರಣ: ಒಟ್ಟು ರೇಖೆಯ ಇಳಿಜಾರಿನಲ್ಲಿ ಎರಡು ಅಂಶಗಳು ಬೆರೆತಿರುತ್ತವೆ. ಒಂದು, ಗುಂಪಿನೊಳಗಿನ ಸಂಬಂಧ. ಇನ್ನೊಂದು, ಗುಂಪುಗಳ ಸರಾಸರಿಗಳ ನಡುವಿನ ಅಂತರ. ಅಡೇಲಿ ಕೊಕ್ಕಿನ ಸರಾಸರಿ ಉದ್ದ 38.8 ಮಿ.ಮೀ., ದಪ್ಪ 18.3 ಮಿ.ಮೀ. ಜೆಂಟೂ ಕೊಕ್ಕಿನ ಉದ್ದ 47.5 ಮಿ.ಮೀ., ದಪ್ಪ ಕೇವಲ 15 ಮಿ.ಮೀ. ಹೀಗಾಗಿ ಚುಕ್ಕಿ ನಕ್ಷೆಯಲ್ಲಿ ಅಡೇಲಿಗಳ ಗುಂಪು ಎಡಕ್ಕೆ ಮೇಲೆ, ಜೆಂಟೂಗಳದು ಬಲಕ್ಕೆ ಕೆಳಗೆ ನಿಲ್ಲುತ್ತದೆ. ಈ ಅಂತರ ದೊಡ್ಡದಾದ್ದರಿಂದ ಒಟ್ಟು ರೇಖೆಯನ್ನು ಅದೇ ಕೆಳಕ್ಕೆ ಎಳೆಯುತ್ತದೆ. ಒಟ್ಟು ರೇಖೆ ತೋರಿಸುವುದು ಹೆಚ್ಚಾಗಿ ಪ್ರಭೇದಗಳ ವ್ಯತ್ಯಾಸವನ್ನೇ ಹೊರತು ಒಂದೇ ಪ್ರಭೇದದ ಹಕ್ಕಿಗಳಲ್ಲಿ ಉದ್ದಕ್ಕೂ ದಪ್ಪಕ್ಕೂ ಇರುವ ನಂಟನ್ನಲ್ಲ.

ಪತ್ತೆ: ಚುಕ್ಕಿಗಳಿಗೆ ಗುಂಪಿಗೊಂದರಂತೆ ಬಣ್ಣ ಕೊಟ್ಟರೆ ವಿರೋಧ ಕಣ್ಣಿಗೇ ಕಾಣುತ್ತದೆ. ಪ್ರತಿ ಅಳತೆಯಿಂದ ಆಯಾ ಗುಂಪಿನ ಸರಾಸರಿಯನ್ನು ಕಳೆದು, ಉಳಿದ ಸಂಖ್ಯೆಗಳಿಗೆ ಮತ್ತೆ ರೇಖೆ ಎಳೆದರೆ ಗುಂಪಿನೊಳಗಿನ ಇಳಿಜಾರು ಮಾತ್ರ ಉಳಿಯುತ್ತದೆ. ಆದರೆ ಗುಂಪಿನ ಹೆಸರನ್ನು ದಾಖಲಿಸದೇ ಇದ್ದರೆ ಈ ಎರಡೂ ದಾರಿಗಳು ಮುಚ್ಚುತ್ತವೆ.

ಮಿತಿ: ಗುಂಪಿನೊಳಗಿನ ಉತ್ತರವೇ ಯಾವಾಗಲೂ ಸರಿಯೆಂದಲ್ಲ. ಪ್ರಭೇದವು ಹಕ್ಕಿಗೆ ಹುಟ್ಟಿನಿಂದಲೇ ಬಂದದ್ದು. ಕೊಕ್ಕಿನ ಉದ್ದ ಅದನ್ನು ಬದಲಿಸಲಾರದು. ಆದ್ದರಿಂದ ಇಲ್ಲಿ ವಿಂಗಡಣೆ ಸರಿ. ಆದರೆ ರಕ್ತದೊತ್ತಡ ಇಳಿಸಿ ಗುಣ ಮಾಡುವ ಔಷಧವನ್ನು ಪರೀಕ್ಷಿಸುವಾಗ, ಔಷಧ ಕೊಟ್ಟ ನಂತರದ ಒತ್ತಡದ ಪ್ರಕಾರ ರೋಗಿಗಳನ್ನು ವಿಂಗಡಿಸಿದರೆ ಔಷಧದ ಪರಿಣಾಮವೇ ಮರೆಯಾಗುತ್ತದೆ. ವಿಂಗಡಿಸಬೇಕೇ ಬೇಡವೇ ಎಂಬುದನ್ನು ಅಂಕಿಗಳಷ್ಟರಿಂದಲೇ ತೀರ್ಮಾನಿಸಲಾಗದು. ಯಾವುದು ಯಾವುದಕ್ಕೆ ಕಾರಣ ಎಂಬ ತಿಳಿವಳಿಕೆ ಅದಕ್ಕೆ ಬೇಕು.