ಜನವರಿಯ ತಗ್ಗು: ಕಟ್ಟಡ ವೆಚ್ಚದ ಮೂಲರೇಖೆ ಮತ್ತು ಎಸ್-ಕರ್ವ್

ಕಟ್ಟಡಕ್ಕೆ ಒಟ್ಟು ಎಷ್ಟು ಹಣ ಬೇಕು ಎಂಬುದನ್ನು ಎಸ್ಟಿಮೇಟ್ ಹೇಳುತ್ತದೆ. ಯಾವ ತಿಂಗಳಲ್ಲಿ ಎಷ್ಟು ಬೇಕು ಎಂಬುದನ್ನು ಹೇಳುವುದಿಲ್ಲ. ಅದೇ ಮೊತ್ತವನ್ನು ಕೆಲಸದ ವೇಳಾಪಟ್ಟಿಯ ಮೇಲೆ ತಿಂಗಳವಾರು ಹರಡಿ, ಒಪ್ಪಿಗೆ ಪಡೆದರೆ ಅದು ವೆಚ್ಚದ ಮೂಲರೇಖೆ. ತಿಂಗಳ ಖರ್ಚನ್ನು ಹಿಂದಿನದಕ್ಕೆ ಕೂಡಿಸುತ್ತ ಕಾಲದ ಎದುರು ಗುರುತು ಹಾಕಿದರೆ ಎಸ್-ಕರ್ವ್ ಮೂಡುತ್ತದೆ. ಪಾಯ ತೋಡುವಾಗ ಹಣ ನಿಧಾನವಾಗಿ ಹೋಗುತ್ತದೆ, ಕಂಬ ಮತ್ತು ಸ್ಲ್ಯಾಬಿನ ಹಂತದಲ್ಲಿ ಕಬ್ಬಿಣ-ಸಿಮೆಂಟು ಅದನ್ನು ಸೆಳೆಯುತ್ತದೆ, ಬಣ್ಣ ಬಳಿಯುವ ಹೊತ್ತಿಗೆ ಮತ್ತೆ ತಗ್ಗುತ್ತದೆ.

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ಹತ್ತು ತಿಂಗಳಲ್ಲಿ 60 ಲಕ್ಷ ರೂಪಾಯಿಯ ಸಮುದಾಯ ಭವನವೊಂದನ್ನು ಕಟ್ಟುವುದಾಗಿ ಲೆಕ್ಕಕ್ಕೆ ಊಹಿಸಿಕೊಳ್ಳೋಣ. ನವೆಂಬರಿನಿಂದ ಆಗಸ್ಟ್‌ವರೆಗಿನ ಹಂಚಿಕೆ ಲಕ್ಷಗಳಲ್ಲಿ ಹೀಗಿರಲಿ: 2, 6, 3, 10, 11, 10, 8, 5, 3, 2. ಕೂಡಿಸುತ್ತ ಹೋದರೆ 2, 8, 11, 21, 32, 42, 50, 55, 58, 60. ಜನವರಿಯ 3 ತಪ್ಪಿ ಬಿದ್ದ ಅಂಕಿಯಲ್ಲ. ಭದ್ರಾ ನಾಲೆಗೆ ನೀರು ಬಿಟ್ಟು ಬೇಸಿಗೆ ಭತ್ತದ ನಾಟಿ ಶುರುವಾದರೆ ಊರಿನ ಕೂಲಿಯಾಳುಗಳು ಗದ್ದೆಗಿಳಿಯುತ್ತಾರೆ. ಪಠ್ಯಪುಸ್ತಕದ ನುಣುಪಾದ ರೇಖೆಯನ್ನೇ ಇಲ್ಲಿ ನಕಲು ಮಾಡಿದರೆ ಪ್ರತಿ ಜನವರಿಯಲ್ಲೂ ಕೆಲಸ ಹಿಂದೆ ಬಿದ್ದಂತೆ ಕಾಣುತ್ತದೆ; ಅಲ್ಲಿ ತಪ್ಪು ಮೇಸ್ತ್ರಿಯದಲ್ಲ, ರೇಖೆ ಎಳೆದವನದು.

ಮಾರ್ಚ್ ಕೊನೆಗೆ ಬರೋಣ. ಯೋಜಿಸಿದ್ದು 32 ಲಕ್ಷ, ಖರ್ಚಾದದ್ದೂ 32 ಲಕ್ಷ. ಎರಡು ರೇಖೆಗಳು ಒಂದರ ಮೇಲೊಂದು ಕೂತಿವೆ, ಎಲ್ಲರಿಗೂ ಸಮಾಧಾನ. ಆದರೆ ಅಳತೆ ಪುಸ್ತಕದ ಪ್ರಕಾರ ಮುಗಿದ ಕೆಲಸದ ಬೆಲೆ 26 ಲಕ್ಷ ಮಾತ್ರ. ಮೂಲರೇಖೆ 26 ಲಕ್ಷವನ್ನು ಮುಟ್ಟಬೇಕಾಗಿದ್ದದ್ದು ಮಾರ್ಚ್ ಮಧ್ಯದಲ್ಲಿ. ಅಂದರೆ ಕೆಲಸ ಸುಮಾರು 17 ದಿನ ಹಿಂದಿದೆ. ಖರ್ಚಿನ ರೇಖೆಯೊಂದನ್ನೇ ನೋಡುವವರಿಗೆ ಇದು ಕಾಣುವುದೇ ಇಲ್ಲ. ಆದ್ದರಿಂದ ಮುಗಿದ ಕೆಲಸದ ಬೆಲೆಯನ್ನು ಮೂರನೆಯ ರೇಖೆಯಾಗಿ ಎಳೆಯಬೇಕು.

ಮೂರನೆಯ ರೇಖೆಯೂ ಎಡವಿಸಬಹುದು. 26ನ್ನು 32ರಿಂದ ಭಾಗಿಸಿದರೆ 0.81; ಅದೇ ದರದಲ್ಲಿ ಮುಂದುವರಿದರೆ ಕಟ್ಟಡ ಸುಮಾರು 74 ಲಕ್ಷಕ್ಕೆ ಮುಟ್ಟುತ್ತದೆ ಎಂದು ಸೂತ್ರ ಹೆದರಿಸುತ್ತದೆ. ಆದರೆ ಉಳಿದ 6 ಲಕ್ಷ ಎಲ್ಲಿ ಹೋಯಿತು ಎಂದು ಮೊದಲು ಕೇಳಬೇಕು. ದರ ಏರುವ ಮೊದಲೇ ತರಿಸಿದ ಕಬ್ಬಿಣವಾಗಿ ಅದು ಶೆಡ್ಡಿನಲ್ಲಿ ಬಿದ್ದಿದ್ದರೆ ಅದು ನಷ್ಟವಲ್ಲ, ದಾಸ್ತಾನು. ಸ್ಲ್ಯಾಬ್ ಒಡೆದು ಮತ್ತೆ ಹಾಕಲು ಹೋಗಿದ್ದರೆ ನಿಜವಾದ ನಷ್ಟ. ಎರಡೂ ರೇಖೆಯ ಮೇಲೆ ಒಂದೇ ಥರ ಕಾಣುತ್ತವೆ. ಶೆಡ್ಡಿನ ಬಾಗಿಲು ತೆಗೆದು ಕಬ್ಬಿಣ ಎಣಿಸದೆ ಈ ಸೂತ್ರವನ್ನು ನಂಬಬಾರದು ಎಂಬುದು ನನ್ನ ನಿಲುವು.

ಖರ್ಚನ್ನು ಯಾವ ದಿನಕ್ಕೆ ಗುರುತಿಸಬೇಕೆಂಬುದೂ ಇದಕ್ಕೆ ಸಂಬಂಧಿಸಿದೆ. ಸಾಮಾನು ಬಂದ ದಿನ, ಅದನ್ನು ಬಳಸಿದ ದಿನ, ಬಿಲ್ ಪಾಸಾದ ದಿನ ಇವುಗಳ ನಡುವೆ ವಾರಗಳ ಅಂತರವಿರುತ್ತದೆ. ಮೂಲರೇಖೆಗೆ ಒಂದು ದಿನ, ಖರ್ಚಿನ ರೇಖೆಗೆ ಇನ್ನೊಂದು ದಿನ ಹಿಡಿದರೆ ಅವುಗಳ ಹೋಲಿಕೆಗೆ ಅರ್ಥವಿಲ್ಲ. ಯಾವ ದಿನ ಹಿಡಿದಿದ್ದೀರಿ ಎಂಬುದನ್ನು ನಕ್ಷೆಯ ಮೂಲೆಯಲ್ಲೇ ಬರೆದಿಡಿ.