ಒಂದೇ ತಂತ್ರಾಂಶದಲ್ಲಿ ಶಿಫ್ಟ್ ಅಥವಾ ಕಂಟ್ರೋಲ್ ಕೀಲಿಯು ಒತ್ತಿದಂತೆಯೇ ಉಳಿಯುವ ತೊಂದರೆ: ಅರ್ಜಿದಾರರಿಗೆ ಮಾಹಿತಿ

ಗಣಕಯಂತ್ರದಲ್ಲಿ ಅರ್ಜಿ ಅಥವಾ ಅದರೊಂದಿಗೆ ಲಗತ್ತಿಸಬೇಕಾದ ಪಟ್ಟಿಯನ್ನು ಸಿದ್ಧಪಡಿಸುವಾಗ, ಯಾರೂ ಮುಟ್ಟದಿದ್ದರೂ ಶಿಫ್ಟ್ ಅಥವಾ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದಂತೆ ಒಂದು ತಂತ್ರಾಂಶವು ವರ್ತಿಸುವುದುಂಟು. ಕೀಲಿಮಣೆ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಂಡರೂ ತೊಂದರೆ ಹಾಗೆಯೇ ಉಳಿಯುತ್ತದೆ. ಈ ತೊಂದರೆಯನ್ನು ಗುರುತಿಸುವ ಹಾಗೂ ನಿವಾರಿಸುವ ಕ್ರಮವನ್ನು ವಿಂಡೋಸ್ ಬಳಸುವ ಅರ್ಜಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಲಕ್ಷಣಗಳು

ಶಿಫ್ಟ್ ಒತ್ತಿದಂತೆ ಉಳಿದಿದ್ದರೆ ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರಗಳಾಗಿ ಮೂಡುತ್ತವೆ ಮತ್ತು 1 ಒತ್ತಿದರೆ ! ಚಿಹ್ನೆ ಬರುತ್ತದೆ. ಕ್ಯಾಪ್ಸ್ ಲಾಕ್‌ನಿಂದ ಅಕ್ಷರಗಳು ಮಾತ್ರ ಬದಲಾಗುತ್ತವೆ, ಅಂಕಿಗಳು ಬದಲಾಗುವುದಿಲ್ಲ. ಆದ್ದರಿಂದ 1 ಒತ್ತಿ ನೋಡುವುದರಿಂದ ಇವೆರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯಲ್ಲಿ ಅಲ್ಪಪ್ರಾಣಗಳೆಲ್ಲ ಮಹಾಪ್ರಾಣಗಳಾಗಿ, "ಗದಗ" ಎಂದು ಬೆರಳಚ್ಚಿಸಿದರೆ "ಘಧಘ" ಎಂದು ಮೂಡುತ್ತದೆ.

ಕಂಟ್ರೋಲ್ ಒತ್ತಿದಂತೆ ಉಳಿದಿದ್ದರೆ ಅಕ್ಷರಗಳು ಮೂಡುವುದೇ ಇಲ್ಲ; ಪ್ರತಿ ಅಕ್ಷರವೂ ಒಂದು ಆಜ್ಞೆಯಾಗುತ್ತದೆ. p ಒತ್ತಿದರೆ ಮುದ್ರಣದ ಚೌಕಟ್ಟು ತೆರೆಯುತ್ತದೆ, a ಒತ್ತಿದರೆ ಎಲ್ಲವೂ ಆಯ್ಕೆಯಾಗುತ್ತದೆ, ಮೌಸ್‌ನ ಗಾಲಿ ತಿರುಗಿಸಿದರೆ ಪುಟವು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಬ್ರೌಸರಿನಲ್ಲಿ w ಒತ್ತಿದರೆ ತೆರೆದಿರುವ ಪುಟವೇ ಮುಚ್ಚಿ, ಉಳಿಸದೆ ಇದ್ದ ಅರ್ಜಿಯ ವಿವರಗಳು ನಷ್ಟವಾಗಬಹುದು.

2. ಮೊದಲು ಮಾಡಬೇಕಾದ ಪರೀಕ್ಷೆ

ತೊಂದರೆ ಕಂಡೊಡನೆ ಆ ತಂತ್ರಾಂಶದಲ್ಲಿ ಬೆರಳಚ್ಚಿಸುವುದನ್ನು ನಿಲ್ಲಿಸತಕ್ಕದ್ದು. ಅದನ್ನು ಮುಚ್ಚದೆ, ಮೌಸ್‌ನ ಮೂಲಕ ನೋಟ್‌ಪ್ಯಾಡ್ ತೆರೆದು ಕೆಲವು ಅಕ್ಷರಗಳನ್ನೂ 1ರಿಂದ 5ರವರೆಗಿನ ಅಂಕಿಗಳನ್ನೂ ಬೆರಳಚ್ಚಿಸಬೇಕು.

ನೋಟ್‌ಪ್ಯಾಡ್‌ನಲ್ಲಿ ಎಲ್ಲವೂ ಸರಿಯಾಗಿ ಮೂಡಿದರೆ ಕೀಲಿಮಣೆ ಸುಸ್ಥಿತಿಯಲ್ಲಿದೆಯೆಂದು ತಿಳಿಯತಕ್ಕದ್ದು. ಕೆಟ್ಟ ಕೀಲಿಯು ಒಂದು ತಂತ್ರಾಂಶವನ್ನು ಆರಿಸಿಕೊಂಡು ತೊಂದರೆ ಕೊಡುವುದಿಲ್ಲ. ಎಲ್ಲ ಕಡೆಯೂ ಒಂದೇ ರೀತಿ ಕಾಣಿಸಿಕೊಳ್ಳುತ್ತದೆ. ನೋಟ್‌ಪ್ಯಾಡ್‌ನಲ್ಲಿಯೂ ತೊಂದರೆ ಕಂಡುಬಂದಲ್ಲಿ ಈ ಮಾಹಿತಿಯ 5ನೇ ಭಾಗವನ್ನು ನೋಡುವುದು.

3. ಕಾರಣ ಮತ್ತು ಪರಿಹಾರ: ಬಿಟ್ಟ ಸಂಕೇತ ತಲುಪದಿರುವುದು

ಕೀಲಿಮಣೆಯು ಕೀಲಿಯನ್ನು ಒತ್ತಿದಾಗ ಒಂದು ಸಂಕೇತವನ್ನೂ ಬಿಟ್ಟಾಗ ಮತ್ತೊಂದು ಸಂಕೇತವನ್ನೂ ಕಳುಹಿಸುತ್ತದೆ. ಆ ಕ್ಷಣದಲ್ಲಿ ಯಾವ ಕಿಟಕಿಯು ಕೆಲಸದಲ್ಲಿದೆಯೋ ಅದಕ್ಕೆ ಮಾತ್ರ ಸಂಕೇತವು ಸಾಮಾನ್ಯವಾಗಿ ತಲುಪುತ್ತದೆ. ಕಂಟ್ರೋಲ್ ಒತ್ತಿ ಹಿಡಿದಿರುವಾಗಲೇ ಬೇರೊಂದು ಕಿಟಕಿ ಮುಂದೆ ಬಂದರೆ, ಒತ್ತಿದ ಸಂಕೇತವು ಮೊದಲ ಕಿಟಕಿಗೂ ಬಿಟ್ಟ ಸಂಕೇತವು ಎರಡನೆಯದಕ್ಕೂ ಹೋಗುತ್ತದೆ. ಒತ್ತಿದ ಕೀಲಿಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ತಂತ್ರಾಂಶವಾದರೆ, ಕೀಲಿಯನ್ನು ಬಿಟ್ಟಿರುವುದು ಅದಕ್ಕೆ ತಿಳಿಯುವುದೇ ಇಲ್ಲ.

ದೂರದ ಗಣಕಯಂತ್ರವನ್ನು ತೋರಿಸುವ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಗಳಲ್ಲಿ ಇದು ಹೆಚ್ಚಾಗಿ ಸಂಭವಿಸುತ್ತದೆ. ಆಗ ಆ ಕಿಟಕಿಯ ಒಳಗೆ ಮಾತ್ರ ತೊಂದರೆಯಿರುತ್ತದೆ. ಹೊರಗೆ ಎಲ್ಲವೂ ಸರಿಯಾಗಿರುತ್ತದೆ.

ಪರಿಹಾರವು ಸರಳವಾಗಿದೆ. ತೊಂದರೆಯಿರುವ ಕಿಟಕಿಯ ಖಾಲಿ ಜಾಗದಲ್ಲಿ ಮೌಸ್‌ನಿಂದ ಒಮ್ಮೆ ಒತ್ತಿ ಅದನ್ನು ಮುಂದಕ್ಕೆ ತರಬೇಕು. ನಂತರ ಎಡ ಶಿಫ್ಟ್, ಬಲ ಶಿಫ್ಟ್, ಎಡ ಕಂಟ್ರೋಲ್, ಬಲ ಕಂಟ್ರೋಲ್ ಇವುಗಳನ್ನು ಒಂದೊಂದಾಗಿ ಒಂದು ಬಾರಿ ಒತ್ತಿ ಬಿಡಬೇಕು. ಎಡ ಮತ್ತು ಬಲದ ಕೀಲಿಗಳ ಲೆಕ್ಕವು ಪ್ರತ್ಯೇಕವಾಗಿರಬಹುದಾದ್ದರಿಂದ, ಬಲಗಡೆಯದು ಉಳಿದಿರುವಾಗ ಎಡಗಡೆಯದನ್ನು ಎಷ್ಟು ಬಾರಿ ಒತ್ತಿದರೂ ಪ್ರಯೋಜನವಾಗದೆ ಹೋಗಬಹುದು.

ಇದರಿಂದಲೂ ಸರಿಹೋಗದಿದ್ದಲ್ಲಿ ಕೆಲಸವನ್ನು ಮೌಸ್‌ನ ಮೂಲಕವೇ ಉಳಿಸಿ, ತಂತ್ರಾಂಶವನ್ನು ಮುಚ್ಚಿ ಪುನಃ ತೆರೆಯಬೇಕು. ರಿಮೋಟ್ ಡೆಸ್ಕ್‌ಟಾಪ್ ಆಗಿದ್ದರೆ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಬೇಕು.

4. ಎಕ್ಸೆಲ್‌ನಲ್ಲಿ ಕಾಣುವ ವಿಶೇಷ ಪ್ರಕರಣ

ಎಕ್ಸೆಲ್‌ನಲ್ಲಿ ಯಾವ ಕೀಲಿಯೂ ಸಿಕ್ಕಿಕೊಳ್ಳದೆ ಇದೇ ಲಕ್ಷಣ ಕಾಣಿಸಬಹುದು. F8 ಕೀಲಿಯನ್ನು ಒಮ್ಮೆ ಒತ್ತಿದರೆ ಆಯ್ಕೆಯನ್ನು ವಿಸ್ತರಿಸುವ ಸ್ಥಿತಿ ಆರಂಭವಾಗಿ, ಶಿಫ್ಟ್ ಹಿಡಿದು ಮೌಸ್ ಒತ್ತಿದಂತೆಯೇ ಎಕ್ಸೆಲ್ ವರ್ತಿಸುತ್ತದೆ. ಶಿಫ್ಟ್‌ನೊಂದಿಗೆ F8 ಒತ್ತಿದರೆ ಬೇರೆ ಬೇರೆ ಕಡೆಯ ಕೋಶಗಳು ಆಯ್ಕೆಗೆ ಸೇರುತ್ತಾ ಹೋಗಿ, ಕಂಟ್ರೋಲ್ ಹಿಡಿದಂತೆ ತೋರುತ್ತದೆ.

ಉದಾಹರಣೆಗೆ, ಸ್ವಸಹಾಯ ಸಂಘದ ಕಾರ್ಯದರ್ಶಿಯೊಬ್ಬರು ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುತ್ತಿದ್ದಾರೆಂದು ಭಾವಿಸೋಣ. ಅವರು B12 ಕೋಶದಲ್ಲಿರುವಾಗ ಲ್ಯಾಪ್‌ಟಾಪ್‌ನ ಧ್ವನಿಯನ್ನು ತಗ್ಗಿಸಲೆಂದು ಮೇಲಿನ ಸಾಲಿನ ಕೀಲಿಯೊಂದನ್ನು ಒತ್ತುತ್ತಾರೆ. ಅದು F8 ಆಗಿರುತ್ತದೆ. ಬಳಿಕ B3ರಲ್ಲಿರುವ ಹೆಸರನ್ನು ಅಳಿಸಲೆಂದು ಅದರ ಮೇಲೆ ಮೌಸ್ ಒತ್ತಿದಾಗ B3ರಿಂದ B12ರವರೆಗಿನ 10 ಕೋಶಗಳೂ ಆಯ್ಕೆಯಾಗುತ್ತವೆ. ಅದನ್ನು ಗಮನಿಸದೆ Delete ಒತ್ತಿದರೆ ಒಂದು ಹೆಸರಿನ ಬದಲು 10 ಹೆಸರುಗಳು ಅಳಿಸಿಹೋಗುತ್ತವೆ.

ಅವರು ಶಿಫ್ಟ್ ಕೀಲಿಯನ್ನು ಹಲವು ಬಾರಿ ಒತ್ತಿದರೂ, ಬೇರೆ ಕೀಲಿಮಣೆಯನ್ನು ಜೋಡಿಸಿದರೂ ಸ್ಥಿತಿ ಬದಲಾಗುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಅಕ್ಷರ, ಅಂಕಿಗಳು ಸರಿಯಾಗಿಯೇ ಬರುತ್ತವೆ. ಇಂತಹ ಸಂದರ್ಭದಲ್ಲಿ ಎಕ್ಸೆಲ್ ಕಿಟಕಿಯ ಕೆಳಅಂಚಿನ ಪಟ್ಟಿಯನ್ನು ನೋಡತಕ್ಕದ್ದು. ಅಲ್ಲಿ Extend Selection ಎಂದಿದ್ದರೆ ಕಾರಣ ಸಿಕ್ಕಿದಂತಾಯಿತು. ಹಳೆಯ ಆವೃತ್ತಿಗಳಲ್ಲಿ ಇದು EXT ಎಂದಿರುತ್ತದೆ. Esc ಒಮ್ಮೆ ಒತ್ತಿದರೆ ಎಕ್ಸೆಲ್ ಸಾಮಾನ್ಯ ಸ್ಥಿತಿಗೆ ಮರಳುತ್ತದೆ. ಹೆಸರುಗಳು ಅಳಿಸಿಹೋಗಿದ್ದರೆ, ಕಡತವನ್ನು ಮುಚ್ಚುವ ಮೊದಲೇ Ctrl+Z ಒತ್ತಿ ಅವುಗಳನ್ನು ಮರಳಿ ಪಡೆಯಬೇಕು.

ವರ್ಡ್‌ನಲ್ಲಿಯೂ F8 ಕೀಲಿಯು ಆಯ್ಕೆಯನ್ನು ವಿಸ್ತರಿಸುತ್ತದೆ. ಅಲ್ಲಿ F8 ಮತ್ತೆ ಒತ್ತಿದರೆ ಆಯ್ಕೆಯು ಪದಕ್ಕೆ, ವಾಕ್ಯಕ್ಕೆ ಹೀಗೆ ಬೆಳೆಯುತ್ತಲೇ ಹೋಗುವುದರಿಂದ Esc ಕೀಲಿಯನ್ನೇ ಬಳಸುವುದು.

5. ಎಲ್ಲ ತಂತ್ರಾಂಶಗಳಲ್ಲಿಯೂ ತೊಂದರೆಯಿದ್ದಲ್ಲಿ

ಇಂತಹ ಸಂದರ್ಭದಲ್ಲಿ ಮೇಲಿನ ಕ್ರಮಗಳು ಸಾಲುವುದಿಲ್ಲ. ಶಿಫ್ಟ್ ಕೀಲಿಯನ್ನು ಸತತವಾಗಿ 5 ಬಾರಿ ಒತ್ತಿದಾಗ ವಿಂಡೋಸ್ Sticky Keys ಎಂಬ ಸೌಲಭ್ಯವನ್ನು ಚಾಲನೆಗೊಳಿಸಬೇಕೇ ಎಂದು ಕೇಳುತ್ತದೆ. ಇದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದವರಿಗಾಗಿ ಇರುವ ಸೌಲಭ್ಯ. ತಿಳಿಯದೆ ಸಮ್ಮತಿಸಿದ್ದರೆ ಒತ್ತಿ ಬಿಟ್ಟ ಶಿಫ್ಟ್ ಅಥವಾ ಕಂಟ್ರೋಲ್ ಮುಂದಿನ ಕೀಲಿಯವರೆಗೆ ಒತ್ತಿದಂತೆಯೇ ಉಳಿಯುತ್ತದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಅದು ಚಾಲನೆಯಲ್ಲಿ ಇಲ್ಲದಿದ್ದರೆ ಕೀಲಿಮಣೆಯನ್ನು ಕಳಚಿ ನೋಡಬೇಕು. ಕಳಚಿದ ಮೇಲೆ ತೊಂದರೆ ನಿಂತು, ಅದನ್ನೇ ಜೋಡಿಸಿದೊಡನೆ ಪುನಃ ಕಾಣಿಸಿಕೊಂಡರೆ ಕೀಲಿಯೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು.

6. ಅರ್ಜಿದಾರರ ವಿಶೇಷ ಗಮನಕ್ಕೆ

ಪಾಸ್‌ವರ್ಡ್ ಬೆರಳಚ್ಚಿಸುವಾಗ ಅಕ್ಷರಗಳು ತೆರೆಯ ಮೇಲೆ ಕಾಣದ ಕಾರಣ ಶಿಫ್ಟ್ ಉಳಿದಿರುವುದು ತಿಳಿಯುವುದಿಲ್ಲ. ತಪ್ಪು ಪಾಸ್‌ವರ್ಡ್ ಅನ್ನು ಪದೇ ಪದೇ ಸಲ್ಲಿಸಿದರೆ ಹಲವು ಜಾಲತಾಣಗಳಲ್ಲಿ ಖಾತೆಯು ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತದೆ. ಸರಿಯಾದ ಪಾಸ್‌ವರ್ಡ್ ಒಮ್ಮೆ ತಿರಸ್ಕೃತವಾದಲ್ಲಿ, ಎರಡನೆಯ ಪ್ರಯತ್ನಕ್ಕೆ ಮುನ್ನ ಬಳಕೆದಾರರ ಹೆಸರಿನ ಜಾಗದಲ್ಲಿ 1 ಒತ್ತಿ ನೋಡುವುದು. ಅಲ್ಲಿ ! ಮೂಡಿದರೆ 3ನೇ ಭಾಗದ ಕ್ರಮವನ್ನು ಅನುಸರಿಸಿ, ಆ ಚಿಹ್ನೆಯನ್ನು ಅಳಿಸಿದ ನಂತರವೇ ಮುಂದುವರಿಯತಕ್ಕದ್ದು.