ಕಾಫಿ ಸೀಮೆಯಲ್ಲಿ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ತಪಾಸಣೆ

ರೋಗದ ಯಾವ ಲಕ್ಷಣವೂ ಇಲ್ಲದ ಮಹಿಳೆಯರನ್ನು ಪರೀಕ್ಷಿಸಿ, ಕ್ಯಾನ್ಸರನ್ನು ಅಥವಾ ಅದಕ್ಕೂ ಮುಂಚಿನ ಹಂತವನ್ನು ಪತ್ತೆ ಹಚ್ಚುವುದಕ್ಕೆ ತಪಾಸಣೆ ಎನ್ನುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಸರ್ಕಾರಿ ವ್ಯವಸ್ಥೆಯ ಮೂಲಕ ಇಂದು ನಡೆಯುವ ತಪಾಸಣೆ ಎರಡು ಸರಳ ಪರೀಕ್ಷೆಗಳ ಮೇಲೆ ನಿಂತಿದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವುದು ಒಂದು, ತರಬೇತಿ ಪಡೆದವರು ಸ್ತನವನ್ನು ಕೈಯಿಂದ ಮುಟ್ಟಿ ನೋಡುವುದು ಇನ್ನೊಂದು. ದೊಡ್ಡ ನಗರಗಳಲ್ಲಿ ಕೇಳಿಬರುವ ಪ್ಯಾಪ್ ಸ್ಮಿಯರ್ ಮತ್ತು ಮ್ಯಾಮೋಗ್ರಫಿ ಇಲ್ಲಿ ಮೊದಲ ಮೆಟ್ಟಿಲಾಗಲಿಲ್ಲ. ಅದಕ್ಕೆ ಹಣದ ಕೊರತೆಗಿಂತ ದೊಡ್ಡ ಕಾರಣ, ಒಬ್ಬ ಮಹಿಳೆ ಎಷ್ಟು ಸಲ ಆಸ್ಪತ್ರೆಗೆ ಓಡಾಡಬೇಕಾಗುತ್ತದೆ ಎಂಬ ಲೆಕ್ಕ.

ಪ್ಯಾಪ್ ಪರೀಕ್ಷೆ ಮತ್ತು ಅದರ ಮಿತಿ

ಗರ್ಭಕಂಠದಿಂದ ಉದುರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಗುರುತಿಸಬಹುದೆಂದು ರೊಮೇನಿಯಾದ ಆರೆಲ್ ಬಾಬೆಷ್ 1927ರಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಗ್ರೀಕ್ ವೈದ್ಯ ಜಾರ್ಜ್ ಪಾಪನಿಕೊಲಾವ್ 1928ರಲ್ಲಿ ತಿಳಿಸಿದರು. ಪಾಪನಿಕೊಲಾವ್ ಮತ್ತು ಹರ್ಬರ್ಟ್ ಟ್ರೌಟ್ 1941ರಲ್ಲಿ ಲೇಖನ, 1943ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಈ ಪರೀಕ್ಷೆ ಬಳಕೆಗೆ ಬಂತು. ಅದನ್ನು ವ್ಯವಸ್ಥಿತವಾಗಿ ನಡೆಸಿದ ಶ್ರೀಮಂತ ದೇಶಗಳಲ್ಲಿ ಗರ್ಭಕಂಠ ಕ್ಯಾನ್ಸರಿನ ಸಾವು ಇಳಿಯಿತು.

ಆದರೆ ಪ್ಯಾಪ್ ಪರೀಕ್ಷೆ ಒಂದೇ ದಿನದಲ್ಲಿ ಮುಗಿಯುವುದಲ್ಲ. ಚಮಚದಂಥ ಕಡ್ಡಿಯಿಂದ ಕೆರೆದು ತೆಗೆದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಒಣಗುವ ಮೊದಲೇ ಆಲ್ಕೋಹಾಲಿನಲ್ಲಿ ಅದ್ದಬೇಕು. ಸ್ವಲ್ಪ ತಡವಾದರೂ ಜೀವಕೋಶದ ಆಕಾರ ಕೆಟ್ಟು ಓದಲು ಬರುವುದಿಲ್ಲ. ಪಟ್ಟಿ ನಗರದ ಪ್ರಯೋಗಾಲಯಕ್ಕೆ ಹೋಗಿ, ಪರಿಣತರು ಓದಿ, ವರದಿ ಮರಳಿ ಬರಲು ವಾರಗಳು ಹಿಡಿಯುತ್ತವೆ. ವರದಿಯಲ್ಲಿ ದೋಷ ಕಂಡರೆ ಮಹಿಳೆಯನ್ನು ಹುಡುಕಿ ಮತ್ತೆ ಕರೆಸಬೇಕು. ತೋಟದ ಲೈನ್ ಮನೆಗಳಲ್ಲಿ ವಾಸವಿದ್ದು ದಿನಗೂಲಿಗೆ ದುಡಿಯುವವರಿಗೆ ಪ್ರತಿ ಓಡಾಟವೂ ಒಂದು ಹಾಜರಿಯ ನಷ್ಟ. ಕೊಯ್ಲಿಗೆಂದು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರಂತೂ ವರದಿ ಬರುವಷ್ಟರಲ್ಲಿ ಊರು ಬಿಟ್ಟಿರುತ್ತಾರೆ.

ಕರ್ನಾಟಕದಲ್ಲಿ ಈ ರೋಗಗಳ ಲೆಕ್ಕ ಇಡುವ ಕೆಲಸ ಬೆಂಗಳೂರಿನಲ್ಲಿ ಶುರುವಾಯಿತು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಅಲ್ಲಿ ಬೆಂಗಳೂರು ನಗರದ ರೋಗಿಗಳ ದಾಖಲಾತಿ ನಡೆಯಿತು. ಆಗ ಮಹಿಳೆಯರಲ್ಲಿ ಗರ್ಭಕಂಠ ಕ್ಯಾನ್ಸರೇ ಮೊದಲ ಸ್ಥಾನದಲ್ಲಿತ್ತು. ನಂತರದ ದಶಕಗಳಲ್ಲಿ ಅದು ಇಳಿದು, ಸ್ತನ ಕ್ಯಾನ್ಸರ್ ಅದನ್ನು ಹಿಂದೆ ಹಾಕಿತು.

ದಿಂಡಿಗಲ್ ಮತ್ತು ಉಸ್ಮಾನಾಬಾದ್

ಓಡಾಟ ತಗ್ಗಿಸುವ ಉಪಾಯ ಭಾರತದ ಹಳ್ಳಿಗಳಲ್ಲೇ ಪರೀಕ್ಷೆಗೊಳಪಟ್ಟಿತು. ಶೇ. 3ರಿಂದ 5ರಷ್ಟು ತೆಳುವಾದ ಅಸಿಟಿಕ್ ಆಮ್ಲವನ್ನು, ಅಂದರೆ ಹೆಚ್ಚು ಕಡಿಮೆ ಅಡುಗೆಮನೆಯ ವಿನೆಗರಿನಷ್ಟೇ ತೀವ್ರತೆಯ ದ್ರವವನ್ನು, ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಮಾರ್ಪಟ್ಟ ಜೀವಕೋಶಗಳ ಜಾಗ ದಟ್ಟ ಬೆಳ್ಳಗಾಗುತ್ತದೆ. ಇದಕ್ಕೆ ‘ವಿಐಎ’ ಎಂದು ಹೆಸರು. ಫಲಿತಾಂಶ ಅಲ್ಲೇ, ಆಗಲೇ ಗೊತ್ತಾಗುತ್ತದೆ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 31,343 ಮಹಿಳೆಯರಿಗೆ ನರ್ಸುಗಳು ಈ ಪರೀಕ್ಷೆ ಮಾಡಿದರು. 3,088 ಮಂದಿಯಲ್ಲಿ, ಅಂದರೆ ನೂರರಲ್ಲಿ ಹತ್ತು ಮಂದಿಯಲ್ಲಿ, ಬಿಳಿ ಕಂಡಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಪಾಸಣೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಈ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಶೇ. 25ರಷ್ಟು, ಅದರಿಂದಾಗುವ ಸಾವು ಶೇ. 35ರಷ್ಟು ಕಡಿಮೆಯಾಗಿತ್ತು.

ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಅಧ್ಯಯನ (2009) ಬೇರೆ ಪಾಠ ಕಲಿಸಿತು. ಅಲ್ಲಿ ಒಂದು ಗುಂಪಿಗೆ ವಿಐಎ, ಒಂದಕ್ಕೆ ಪ್ಯಾಪ್, ಇನ್ನೊಂದಕ್ಕೆ ಗರ್ಭಕಂಠ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಡಿಎನ್‌ಎ ಪರೀಕ್ಷೆ ನಡೆಯಿತು. ಸಾವು ಸ್ಪಷ್ಟವಾಗಿ ಇಳಿದದ್ದು ಎಚ್‌ಪಿವಿ ಗುಂಪಿನಲ್ಲಿ ಮಾತ್ರ: ಅಲ್ಲಿ 34 ಸಾವು, ಹೆಚ್ಚು ಕಡಿಮೆ ಅಷ್ಟೇ ಮಹಿಳೆಯರಿದ್ದ ತಪಾಸಣೆಯಿಲ್ಲದ ಗುಂಪಿನಲ್ಲಿ 64. ಬಿಳಿ ಕಲೆ ಗುರುತಿಸುವುದು ನೋಡುವವರ ಕಣ್ಣು ಮತ್ತು ತರಬೇತಿಯನ್ನು ಅವಲಂಬಿಸಿರುವುದರಿಂದ ವಿಐಎ ಫಲಿತಾಂಶ ಊರಿಂದೂರಿಗೆ ಬದಲಾಗುತ್ತದೆ, ಯಂತ್ರ ಓದುವ ಎಚ್‌ಪಿವಿ ಪರೀಕ್ಷೆಗೆ ಆ ತೊಂದರೆ ಕಡಿಮೆ. ಹೋಲಿಕೆಗೆಂದು ಇಟ್ಟುಕೊಂಡ ಸಾವಿರಾರು ಬಡ ಮಹಿಳೆಯರಿಗೆ ತಪಾಸಣೆಯನ್ನೇ ಕೊಡಲಿಲ್ಲ ಎಂಬ ಆಕ್ಷೇಪ ಈ ಅಧ್ಯಯನಗಳ ಮೇಲಿದೆ. ಆ ಆಕ್ಷೇಪ ಸರಿಯಾದದ್ದು. ಇಂದಿನ ತಿಳಿವಳಿಕೆಯಲ್ಲಿ ಆ ಮಹಿಳೆಯರ ಪಾಲೂ ಇದೆಯೆಂಬುದನ್ನು ಮರೆಯಬಾರದು.

ಮಲೆನಾಡಿಗೆ ಬಂದದ್ದು

ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ತಡೆಗೆ ಕೇಂದ್ರ ಸರ್ಕಾರ 2010ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಹಂತಕ್ಕೆ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. 2016ರ ಮಾರ್ಗಸೂಚಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮತ್ತು ಸ್ತನ ಪರೀಕ್ಷೆ ಎಂದು ನಿಗದಿ ಮಾಡಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠ ತಪಾಸಣೆ ಮಾಡಿಸಿಕೊಂಡವರು ಶೇ. 1.9, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9 ಮಾತ್ರ.

30 ವರ್ಷವೇ ಏಕೆ? ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಸೋಂಕು ಎಳೆ ವಯಸ್ಸಿನಲ್ಲಿ ತುಂಬ ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಪರೀಕ್ಷಿಸಿದರೆ ವಾಸಿಯಾಗಿಯೇ ಬಿಡುವ ಸೋಂಕಿಗೆ ಚಿಕಿತ್ಸೆ ಕೊಟ್ಟಂತಾಗುತ್ತದೆ. ಮೂವತ್ತರ ನಂತರವೂ ಉಳಿದ ಸೋಂಕೇ ಕಾಳಜಿಯದು. ಎಚ್‌ಐವಿ ಇರುವವರಿಗೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ 25ರಿಂದಲೇ, ಹೆಚ್ಚು ಸಲ ತಪಾಸಣೆ ಹೇಳುತ್ತದೆ. ಮೇಲಿನ ವಯಸ್ಸಿನಲ್ಲಿ ವಿಐಎಗೆ ಒಂದು ತೊಡಕಿದೆ. ಮುಟ್ಟು ನಿಂತ ಮೇಲೆ, ಜೀವಕೋಶಗಳು ಮಾರ್ಪಡುವ ಭಾಗ ಗರ್ಭಕಂಠದ ಒಳಕ್ಕೆ ಸರಿದು ಕಣ್ಣಿಗೆ ಕಾಣದಂತಾಗುತ್ತದೆ. 50 ದಾಟಿದವರಲ್ಲಿ ‘ಏನೂ ಕಾಣಲಿಲ್ಲ’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಅವರಿಗೆ ಎಚ್‌ಪಿವಿ ಅಥವಾ ಪ್ಯಾಪ್ ಪರೀಕ್ಷೆಯೇ ಸೂಕ್ತ.

ಬಿಳಿ ಕಂಡರೆ

ಕಳಸದ ಕಡೆಯ ತೋಟವೊಂದರಲ್ಲಿ ಕೆಲಸ ಮಾಡುವ 38 ವರ್ಷದ ಮಹಿಳೆಯೊಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಆಶಾ ಕಾರ್ಯಕರ್ತೆ ಮನೆಗೆ ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಹೋಗಿದ್ದಾರೆ. ಮುಟ್ಟು ಮುಗಿದ ಮೇಲಿನ ಒಂದು ದಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ವಿಐಎ ಮಾಡುತ್ತಾರೆ. ಎರಡು ಬಗೆಯ ಜೀವಕೋಶಗಳು ಕೂಡುವ ಗೆರೆಗೆ ತಾಗಿಕೊಂಡು, ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಕಲೆ ಕಾಣುತ್ತದೆ. ಇದು ‘ಪಾಸಿಟಿವ್’. ಗೆರೆಯಿಂದ ದೂರದ ಮಸುಕು ಬಿಳಿಯಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉರಿಯೂತವಿದ್ದರೂ, ಸಹಜವಾಗಿ ಜೀವಕೋಶಗಳು ಬದಲಾಗುತ್ತಿದ್ದರೂ ಬಿಳಿ ಬರಬಹುದು. ಪಾಸಿಟಿವ್ ಆದವರಲ್ಲಿ ನಿಜವಾದ ಕ್ಯಾನ್ಸರ್ ಇರುವವರು ತೀರ ಕಡಿಮೆ.

ಮುಂದಿನ ಹೆಜ್ಜೆ ಕಾಲ್ಪೊಸ್ಕೋಪಿ, ಅಂದರೆ ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವುದು. ಇದು ದೊಡ್ಡ ಆಸ್ಪತ್ರೆಯಲ್ಲಿ ನಡೆಯುತ್ತದೆ. ಅನುಮಾನದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ವರದಿಯಲ್ಲಿ ‘ಸಿಐಎನ್ 1’ ಎಂದಿದ್ದರೆ ಅದು ಬಹುಮಟ್ಟಿಗೆ ತಾನಾಗಿ ಮಾಯವಾಗುವ ಬದಲಾವಣೆ, ಕಾದು ನೋಡಿದರೆ ಸಾಕು. ‘ಸಿಐಎನ್ 2’ ಅಥವಾ ‘3’ ಎಂದಿದ್ದರೂ ಅದು ಕ್ಯಾನ್ಸರಲ್ಲ, ಕ್ಯಾನ್ಸರಿಗೆ ಮುಂಚಿನ ಹಂತ. ನ್ಯೂಜಿಲೆಂಡಿನಲ್ಲಿ ಸರಿಯಾದ ಚಿಕಿತ್ಸೆ ಸಿಗದೆ ಉಳಿದ ‘ಸಿಐಎನ್ 3’ ರೋಗಿಗಳಲ್ಲಿ 30 ವರ್ಷಗಳಲ್ಲಿ ಸುಮಾರು ಶೇ. 30 ಮಂದಿಗೆ ಕ್ಯಾನ್ಸರ್ ಬಂತು. ಹಾಗಾಗಿ ಇದಕ್ಕೆ ಚಿಕಿತ್ಸೆ ಬೇಕೇ ಬೇಕು, ಆದರೆ ರಾತ್ರೋರಾತ್ರಿ ಓಡಬೇಕಾದ ತುರ್ತಿಲ್ಲ.

ಕಲೆ ಪೂರ್ತಿ ಕಾಣುವಂತಿದ್ದು, ಗರ್ಭಕಂಠದ ಮುಕ್ಕಾಲು ಭಾಗ ಮೀರದೆ, ಕ್ಯಾನ್ಸರಿನ ಅನುಮಾನವಿಲ್ಲದಿದ್ದರೆ ಬಿಸಿ ತಗುಲಿಸಿ ಅಥವಾ ಹೆಪ್ಪುಗಟ್ಟಿಸಿ ಅದನ್ನು ನಾಶ ಮಾಡುತ್ತಾರೆ. ಬಿಸಿಯ ಉಪಕರಣದ ತುದಿ ಸುಮಾರು 100 ಡಿಗ್ರಿಗೆ ಕಾಯುತ್ತದೆ, ಚಿಕಿತ್ಸೆ ಒಂದೆರಡು ನಿಮಿಷದ್ದು, ಗರ್ಭಕೋಶ ಹಾಗೇ ಉಳಿಯುತ್ತದೆ. ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ, ಒಂದು ತಿಂಗಳು ಸಂಭೋಗ ಬೇಡ. ಒಂದು ವರ್ಷದ ಮೇಲೆ ಮತ್ತೆ ಪರೀಕ್ಷೆ. ಹೀಗೆ ಬಿಡಿಸಿ ಹೇಳಿದರೆ ಮೂರು ನಾಲ್ಕು ಓಡಾಟ ಆಗುತ್ತವೆ. ಬಿಳಿ ಕಂಡ ದಿನವೇ, ಬಯಾಪ್ಸಿಗೆ ಕಾಯದೆ, ಅರ್ಹರಿಗೆ ಚಿಕಿತ್ಸೆ ಮಾಡಿ ಮುಗಿಸುವ ಕ್ರಮಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯಿದೆ. ಅದರಿಂದ ಕೆಲವರಿಗೆ ಅನಗತ್ಯ ಚಿಕಿತ್ಸೆ ಆಗುವುದು ನಿಜ. ಆದರೂ ಕೊಯ್ಲು ಮುಗಿಸಿ ಹೊರಟುಬಿಡುವ ವಲಸೆ ಕೆಲಸಗಾರ್ತಿಯರಿಗೆ ಈ ಕ್ರಮವೇ ಹೆಚ್ಚು ಹೊಂದುತ್ತದೆ.

ಸ್ತನ ತಪಾಸಣೆ

ನ್ಯೂಯಾರ್ಕಿನಲ್ಲಿ 1963ರಲ್ಲಿ 40ರಿಂದ 64 ವರ್ಷದ ಸುಮಾರು 62,000 ಮಹಿಳೆಯರ ಮೇಲೆ ಆರಂಭವಾದ ಅಧ್ಯಯನದಿಂದ ಮ್ಯಾಮೋಗ್ರಫಿಗೆ ನೆಲೆ ಸಿಕ್ಕಿತು. ಅಮೆರಿಕದ ತಜ್ಞ ಸಮಿತಿ 2024ರಿಂದ 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿ ಎನ್ನುತ್ತದೆ. ಕಿರಿಯ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಎಕ್ಸ್‌ರೇ ಚಿತ್ರದಲ್ಲಿ ಗಂಟು ಮುಚ್ಚಿಹೋಗುತ್ತದೆ, ಅಂಥವರಿಗೆ ಅಲ್ಟ್ರಾಸೌಂಡ್ ಉತ್ತಮ.

ಮ್ಯಾಮೋಗ್ರಫಿ ಇಲ್ಲದೆ ಸಾವು ತಗ್ಗಿಸಬಹುದೇ ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸಿಕ್ಕಿದ್ದು ಮುಂಬೈಯಲ್ಲಿ. ಟಾಟಾ ಆಸ್ಪತ್ರೆ 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು 35ರಿಂದ 64 ವರ್ಷದ ಕೊಳೆಗೇರಿ ನಿವಾಸಿಗಳ ಸ್ತನವನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರ ವರದಿಯಂತೆ 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು, ಅದಕ್ಕಿಂತ ಕಿರಿಯರಲ್ಲಿ ಇಳಿಯಲಿಲ್ಲ. ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆದ ಪರೀಕ್ಷೆಯನ್ನು ನಮ್ಮ ಮಾರ್ಗಸೂಚಿ ಐದು ವರ್ಷಕ್ಕೊಮ್ಮೆ ಎಂದು ಹಿಗ್ಗಿಸಿದೆ. ಅಷ್ಟು ಅಂತರದಲ್ಲಿ ಅದೇ ಲಾಭ ಸಿಗುತ್ತದೆಂದು ಹೇಳಲು ಆ ಅಧ್ಯಯನದಲ್ಲಿ ಆಧಾರವಿಲ್ಲ.

ಪರೀಕ್ಷೆಗೆ ಮುಟ್ಟಾಗಿ ಒಂದು ವಾರದ ನಂತರದ ದಿನಗಳು ಒಳ್ಳೆಯವು, ಆಗ ಸ್ತನದ ಬಿಗಿತ, ನೋವು ಕಡಿಮೆ. ಮೂರು ಬೆರಳ ತುದಿಯ ಮೆತ್ತನೆ ಭಾಗದಿಂದ ಇಡೀ ಸ್ತನ, ಕಂಕುಳು, ಕೊರಳೆಲುಬಿನ ಮೇಲಿನ ಭಾಗವನ್ನು ಒತ್ತಿ ನೋಡುತ್ತಾರೆ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ಕಿರಿಯರಲ್ಲಿ ಜಾರುವಂಥ ನಯವಾದ ಫೈಬ್ರೊಅಡಿನೋಮಾ, ನಲವತ್ತರ ಆಸುಪಾಸಿನಲ್ಲಿ ನೀರುಗುಳ್ಳೆ ಸಾಮಾನ್ಯ. ಆದರೆ ಕೈಯ ಅಂದಾಜಿನ ಮೇಲೆ ಯಾವ ಗಂಟನ್ನೂ ಬಿಟ್ಟುಬಿಡುವಂತಿಲ್ಲ. ಕೈ ಪರೀಕ್ಷೆ, ಚಿತ್ರ, ಸೂಜಿ ಪರೀಕ್ಷೆ ಮೂರೂ ಒಂದೇ ಮಾತು ಹೇಳಬೇಕು. ಮ್ಯಾಮೋಗ್ರಾಂ ವರದಿಯ ‘ಬೈರಾಡ್ಸ್’ ಅಂಕೆಯಲ್ಲಿ 0 ಎಂದರೆ ಇನ್ನಷ್ಟು ಚಿತ್ರ ಬೇಕು, 3 ಎಂದರೆ ಕ್ಯಾನ್ಸರಿನ ಸಾಧ್ಯತೆ ಶೇ. 2ಕ್ಕಿಂತ ಕಡಿಮೆ, ಆರು ತಿಂಗಳಿಗೆ ಮತ್ತೆ ನೋಡಿದರೆ ಸಾಕು. 4 ಮತ್ತು 5ಕ್ಕೆ ಬಯಾಪ್ಸಿ ಬೇಕು.

ಈ ವಯಸ್ಸು, ಅಂತರಗಳೆಲ್ಲ ಲಕ್ಷಣವಿಲ್ಲದವರಿಗೆ. ಸಂಭೋಗದ ನಂತರ ರಕ್ತ ಕಂಡವರು, ಮುಟ್ಟು ನಿಂತ ಮೇಲೆ ರಕ್ತ ಹೋದವರು, ಮೊಲೆತೊಟ್ಟಿನಿಂದ ರಕ್ತ ಒಸರಿದವರು, ಹೊಸ ಗಂಟು ಕೈಗೆ ಸಿಕ್ಕವರು ಹಿಂದಿನ ತಪಾಸಣೆ ‘ನೆಗೆಟಿವ್’ ಬಂದಿತ್ತೆಂದು ಮುಂದಿನ ಸರದಿಗೆ ಕಾಯಬಾರದು. ಅವರು ನೇರ ವೈದ್ಯರ ಬಳಿಗೆ ಹೋಗಬೇಕು. ಅವರಿಗೆ ಬೇಕಾದದ್ದು ರೋಗನಿರ್ಣಯದ ಪರೀಕ್ಷೆ.